ಸರ್ಕ್ಯೂಟ್ ದಿನಗಳನ್ನು ಬೇರೆ ಮಾಡಿ ಚಾರ್ಟ್ ಓದಿದ ಬಗೆ

ದಿನಕ್ಕೆ ಐದು ಪರ್ಸೆಂಟಿಗಿಂತ ಹೆಚ್ಚು ಏರಿಳಿಯದಂತೆ ಮಿತಿ ಇರುವ, ಅಂದರೆ ಐದು ಪರ್ಸೆಂಟ್ ಬ್ಯಾಂಡಿನ ಷೇರೊಂದು ಹಿಂದಿನ ದಿನ 100ಕ್ಕೆ ಮುಗಿದು, ಬೆಳಿಗ್ಗೆ 9:15ಕ್ಕೆ ಆ ಮಿತಿಯ ಮೇಲ್ತುದಿಯಾದ ಅಪ್ಪರ್ ಸರ್ಕ್ಯೂಟಿನಲ್ಲೇ ತೆರೆದು ಮಧ್ಯಾಹ್ನ 3:30ರವರೆಗೆ ಅಲ್ಲೇ ನಿಂತಿತು ಎನ್ನಿ. ಆ ದಿನ ಅದರ ಬೆಲೆ ಎಷ್ಟಿತ್ತು? ಚಾರ್ಟು 105 ಎನ್ನುತ್ತದೆ. ಆದರೆ 105ಕ್ಕೆ ಕೊಳ್ಳಲು ಸಾಲು ನಿಂತಿತ್ತು, ಮಾರುವವರು ಇರಲಿಲ್ಲ. ನಿಯಮ ಬಿಟ್ಟಿದ್ದರೆ ಬೆಲೆ 112 ಆಗುತ್ತಿತ್ತೋ 130 ಆಗುತ್ತಿತ್ತೋ ಆ ಚಾರ್ಟಿನಲ್ಲಿ ಎಲ್ಲೂ ಬರೆದಿಲ್ಲ. ಗೊತ್ತಿರುವುದು ಇಷ್ಟೇ: ಬೆಲೆ 105ಕ್ಕಿಂತ ಕಡಿಮೆ ಇರಲಿಲ್ಲ. ಆರ್‌ಎಸ್‌ಐ, ಎಟಿಆರ್, ಬೋಲಿಂಜರ್ ಬ್ಯಾಂಡ್ ಎಂಬ ಚಾರ್ಟ್ ಸೂಚಕಗಳಲ್ಲಿ ಯಾವುದಕ್ಕೂ ಈ 'ಕನಿಷ್ಠ ಇಷ್ಟು' ಎಂಬ ಮಾತು ಅರ್ಥವಾಗುವುದಿಲ್ಲ. ಅವು 105 ಎಂಬುದನ್ನು ಕೊಳ್ಳುವವರೂ ಮಾರುವವರೂ ಒಪ್ಪಿದ ಬೆಲೆ ಎಂದೇ ಹಿಡಿದು ಲೆಕ್ಕ ಮಾಡುತ್ತವೆ.

ಹುಬ್ಬಳ್ಳಿಯಲ್ಲಿ ಸಣ್ಣ ಕಂಪನಿಗಳ ಷೇರುಗಳನ್ನು ನೋಡುವ ನಾವು ಕೆಲವರು ಇಂಥ ಚಾರ್ಟುಗಳನ್ನು ಓದುವ ಮೊದಲು ಡೇಟಾವನ್ನು ಹೇಗೆ ಸೋಸಿಕೊಳ್ಳುತ್ತೇವೆ ಎಂಬುದನ್ನು ಇಲ್ಲಿ ಒಂದು ಷೇರಿನ ಮೇಲೆ ಮಾಡಿ ತೋರಿಸಿದ್ದೇವೆ. ಷೇರಿಗೆ ಹೆಸರಿಲ್ಲ, ಅಂಕಿಗಳು ಮಾದರಿಯವು. ಲೆಕ್ಕ ಹಿಡಿಯಲು ಸುಲಭವಾಗಲೆಂದು ಸರ್ಕ್ಯೂಟ್ ಶುರುವಾಗುವ ಹಿಂದಿನ ದಿನದ ಮುಕ್ತಾಯದ ಬೆಲೆಯನ್ನು 100 ಎಂದಿಟ್ಟುಕೊಂಡಿದ್ದೇವೆ.

ಮೊದಲ ಕೆಲಸ ಡೇಟಾ ತರುವುದು. ಚಾರ್ಟ್ ಆ್ಯಪಿನ ಚಿತ್ರದಿಂದ ಈ ಕೆಲಸ ಆಗುವುದಿಲ್ಲ. ಎನ್‌ಎಸ್‌ಇ ಪ್ರತಿದಿನ ಬಿಡುಗಡೆ ಮಾಡುವ `sec_bhavdata_full` ಎಂಬ ಭಾವ್‌ಕಾಪಿ ಫೈಲು ಬೇಕು. ಅದರಲ್ಲಿ ಬೆಲೆಗಳ ಜೊತೆಗೆ `SERIES`, `PREV_CLOSE`, `LAST_PRICE`, `CLOSE_PRICE`, `TTL_TRD_QNTY`, `NO_OF_TRADES` ಎಂಬ ಕಾಲಮ್‌ಗಳಿರುತ್ತವೆ. ಆರು ತಿಂಗಳ ಫೈಲುಗಳಿಂದ ನಮ್ಮ ಷೇರಿನ ಸಾಲುಗಳನ್ನು ಮಾತ್ರ ಎತ್ತಿ ಒಂದು ಶೀಟಿಗೆ ಹಾಕಿಕೊಂಡರೆ ಸಾಕು. ಬೋನಸ್ ಅಥವಾ ಸ್ಪ್ಲಿಟ್ ಆದ ದಿನವಿದ್ದರೆ ಅದನ್ನು ಕೈಯಿಂದಲೇ ಗುರುತು ಮಾಡಿಡಬೇಕು. ಇಲ್ಲದಿದ್ದರೆ ಅರ್ಧಕ್ಕಿಳಿದ ಬೆಲೆ ದೊಡ್ಡ ಕುಸಿತದಂತೆ ಕಾಣುತ್ತದೆ.

ಶೀಟು ತಯಾರಾದ ಮೇಲೆ ಬೆಲೆಯ ಕಾಲಮ್‌ಗಳಿಗೆ ಕೈ ಹಾಕುವ ಮೊದಲು ನೋಡಬೇಕಾದದ್ದು `NO_OF_TRADES`. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ಕೇಳುವವರು ಆವಕ ಎಷ್ಟು ಎಂದೂ ಕೇಳುತ್ತಾರೆ. ನಾಲ್ಕು ಚೀಲಕ್ಕೆ ಬಿದ್ದ ದರವನ್ನು ಆ ದಿನದ ದರ ಎಂದು ಯಾರೂ ಒಪ್ಪುವುದಿಲ್ಲ. ಷೇರಿನಲ್ಲಿ ಆವಕದ ಜಾಗದಲ್ಲಿರುವುದು ವಹಿವಾಟುಗಳ ಸಂಖ್ಯೆ. ನಮ್ಮ ಮಾದರಿ ಷೇರಿನಲ್ಲಿ ಮಾಮೂಲಿ ದಿನಕ್ಕೆ ಎಂಟು, ಹನ್ನೆರಡು, ಕೆಲವೊಮ್ಮೆ ಬರೀ ಮೂರು ವಹಿವಾಟು. ಮೂರು ವಹಿವಾಟಿನಿಂದಲೂ ಚಾರ್ಟು ಒಂದು ಪೂರ್ತಿ ಕ್ಯಾಂಡಲ್ ಬಿಡಿಸುತ್ತದೆ. ಕೊಳ್ಳುವವರು 98ಕ್ಕೆ, ಮಾರುವವರು 102ಕ್ಕೆ ನಿಂತಿದ್ದಾರೆ ಎನ್ನಿ. ಬೆಳಿಗ್ಗೆ ಒಬ್ಬರು ಆತುರದಲ್ಲಿ 98ಕ್ಕೆ ಹತ್ತು ಷೇರು ಮಾರಿದರು, ಸಂಜೆ ಇನ್ನೊಬ್ಬರು ಆತುರದಲ್ಲಿ 102ಕ್ಕೆ ಹತ್ತು ಷೇರು ಕೊಂಡರು. ಅಲ್ಲಿಗೆ ಶೇಕಡಾ 4ರಷ್ಟು ಉದ್ದದ ಹಸಿರು ಕ್ಯಾಂಡಲ್ ಸಿದ್ಧ. ಮರುದಿನ ಕ್ರಮ ತಿರುಗಿದರೆ ಅದನ್ನು ನುಂಗುವ ಕೆಂಪು ಕ್ಯಾಂಡಲ್. ಪುಸ್ತಕದ ಪ್ರಕಾರ ಇದು ಬೇರಿಶ್ ಎನ್‌ಗಲ್ಫಿಂಗ್. ವಾಸ್ತವದಲ್ಲಿ ಕೊಳ್ಳುವ ದರವೂ ಅಲುಗಾಡಿಲ್ಲ, ಮಾರುವ ದರವೂ ಅಲುಗಾಡಿಲ್ಲ. ವಹಿವಾಟು ಎರಡು ದಡಗಳ ನಡುವೆ ಓಡಾಡಿದೆ ಅಷ್ಟೇ.

ಮುಕ್ತಾಯದ ಬೆಲೆಯದೂ ಒಂದು ಸೂಕ್ಷ್ಮವಿದೆ. ಎನ್‌ಎಸ್‌ಇಯಲ್ಲಿ `CLOSE_PRICE` ಎಂದರೆ ದಿನದ ಕೊನೆಯ ವಹಿವಾಟಿನ ಬೆಲೆಯಲ್ಲ. 3:00ರಿಂದ 3:30ರ ನಡುವೆ ನಡೆದ ವಹಿವಾಟುಗಳನ್ನು ಪ್ರಮಾಣದ ತೂಕ ಹಾಕಿ ತೆಗೆದ ಸರಾಸರಿ ಅದು. ಆ ಅರ್ಧ ಗಂಟೆಯಲ್ಲಿ ಏನೂ ನಡೆಯದಿದ್ದರೆ ಮಾತ್ರ ಕೊನೆಯ ವಹಿವಾಟಿನ ಬೆಲೆ. ದೊಡ್ಡ ಷೇರುಗಳಲ್ಲಿ ಎರಡಕ್ಕೂ ಅಂತರ ಪೈಸೆಗಳಲ್ಲಿ. ಸಣ್ಣ ಷೇರಿನಲ್ಲಿ 3:05ಕ್ಕೆ ನಡೆದ ಒಂದು ದೊಡ್ಡ ವಹಿವಾಟು ಮುಕ್ತಾಯದ ಬೆಲೆಯನ್ನು ತನ್ನ ಕಡೆಗೆ ಎಳೆದುಕೊಂಡಿರುತ್ತದೆ, ಕೊನೆಯ ವಹಿವಾಟು ಬೇರೆಲ್ಲೋ ಇರುತ್ತದೆ. ಚಾರ್ಟ್ ಆ್ಯಪ್ ಒಂದು `LAST_PRICE` ಹಿಡಿದು, ಇನ್ನೊಂದು `CLOSE_PRICE` ಹಿಡಿದು ಬಿಡಿಸಿದರೆ ಒಂದೇ ದಿನ ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು ಕಾಣುವುದುಂಟು. ಮರುದಿನದ ಸರ್ಕ್ಯೂಟ್ ಮಿತಿ ಲೆಕ್ಕವಾಗುವುದು ಮುಕ್ತಾಯದ ಬೆಲೆಯ ಮೇಲೆ. ಹಾಗಾಗಿ ನಾವು `CLOSE_PRICE` ಬಿಟ್ಟು ಬೇರೆಯದನ್ನು ಬಳಸುವುದಿಲ್ಲ.

ವಹಿವಾಟೇ ನಡೆಯದ ದಿನ ಭಾವ್‌ಕಾಪಿಯಲ್ಲಿ ಆ ಷೇರಿನ ಸಾಲೇ ಇರುವುದಿಲ್ಲ. ಕೆಲವು ಆ್ಯಪ್‌ಗಳು ಆ ದಿನವನ್ನು ಬಿಟ್ಟು ಮುಂದಕ್ಕೆ ಹೋಗುತ್ತವೆ. ಆಗ 20 ದಿನದ ಸರಾಸರಿ ಎಂದು ತೋರಿಸಿದ್ದು ನಿಜವಾಗಿ ಒಂದೂವರೆ ತಿಂಗಳಿನದಾಗಿರಬಹುದು. ಇನ್ನು ಕೆಲವು ಹಿಂದಿನ ದಿನದ ಬೆಲೆಯನ್ನೇ ಎಳೆದು ತಂದು ಖಾಲಿ ಜಾಗ ತುಂಬುತ್ತವೆ. ಇದು ಇನ್ನೂ ಕೆಟ್ಟದ್ದು. ಬದಲಾಗದ ಬೆಲೆಗಳು ಸಾಲಾಗಿ ಬಂದಾಗ ಬೋಲಿಂಜರ್ ಬ್ಯಾಂಡಿನ ಎರಡು ಗೆರೆಗಳು ಹತ್ತಿರ ಬಂದು, ದೊಡ್ಡ ನೆಗೆತಕ್ಕೆ ಮುಂಚಿನ ಬಿಗಿತದಂತೆ ಕಾಣುತ್ತವೆ. ಅಲ್ಲಿ ಬಿಗಿತವೂ ಇಲ್ಲ ಏನೂ ಇಲ್ಲ, ಜನರೇ ಬಂದಿಲ್ಲ. ಇಂಥ ದಿನಗಳನ್ನು ಶೀಟಿನಲ್ಲಿ ಖಾಲಿಯಾಗಿಯೇ ಬಿಟ್ಟು ಪಕ್ಕದಲ್ಲಿ ಗುರುತು ಹಾಕುತ್ತೇವೆ.

ಆಮೇಲೆ ಸರ್ಕ್ಯೂಟ್ ದಿನಗಳ ಗುರುತು. ಎನ್‌ಎಸ್‌ಇಯಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಇರುವ ಷೇರುಗಳಿಗೆ ಸ್ಥಿರ ಬ್ಯಾಂಡ್ ಇಲ್ಲ. ಉಳಿದವುಗಳಿಗೆ 2, 5, 10 ಅಥವಾ 20 ಪರ್ಸೆಂಟಿನ ಬ್ಯಾಂಡ್. ನಮ್ಮ ಷೇರಿಗೆ 5 ಪರ್ಸೆಂಟ್. ದಿನದ ಗರಿಷ್ಠ ಮತ್ತು ಕನಿಷ್ಠ ಒಂದೇ ಆಗಿದ್ದು, ಅದು ಮಿತಿಯಲ್ಲೇ ಇದ್ದರೆ ಆ ದಿನ ಲಾಕ್ ಆಗಿದೆ ಎಂದರ್ಥ. ಭಾವ್‌ಕಾಪಿಯ ಕಾಲಮ್ ಕ್ರಮದಲ್ಲಿ `D` ಹಿಂದಿನ ಮುಕ್ತಾಯ, `F` ಗರಿಷ್ಠ, `G` ಕನಿಷ್ಠ. ಎರಡನೇ ಸಾಲಿಗೆ ಸೂತ್ರ ಹೀಗೆ:

```
=IF(F2<>G2,"",IF(F2>=D2*1.05-0.05,"UP",IF(G2<=D2*0.95+0.05,"DOWN","")))
```

ಐದು ಪೈಸೆ ಸಡಿಲ ಬಿಟ್ಟದ್ದಕ್ಕೆ ಕಾರಣವಿದೆ. ಮಿತಿಯನ್ನು ಟಿಕ್ ಗಾತ್ರಕ್ಕೆ ಹೊಂದಿಸಿ ನಿಲ್ಲಿಸುವುದರಿಂದ ಅದು ನಿಖರವಾಗಿ 5 ಪರ್ಸೆಂಟಿಗೆ ಬೀಳುವುದಿಲ್ಲ. ತೀರಾ ಕಡಿಮೆ ಬೆಲೆಯ ಷೇರಾದರೆ ಈ ಸಡಿಲವನ್ನು ಒಂದು ಪೈಸೆಗೆ ಇಳಿಸಬೇಕು.

ಸೂತ್ರ ಎಳೆದ ಮೇಲೆ ನಮ್ಮ ಮಾದರಿಯಲ್ಲಿ ಸಾಲಾಗಿ ಐದು `UP` ಬಂದವು: 105.00, 110.25, 115.76, 121.54, 127.61. ಚಾರ್ಟಿನಲ್ಲಿ ಇವು ಐದು ಅಡ್ಡಗೆರೆಗಳು, ಮೆಟ್ಟಿಲಿನ ಹಾಗೆ, ನಡುನಡುವೆ ಖಾಲಿ ಜಾಗ. ಕ್ಯಾಂಡಲ್ ಗುರುತಿಸುವ ಸಾಫ್ಟ್‌ವೇರುಗಳು ಇದನ್ನು ದೋಜಿ ಎಂದು ಹೆಸರಿಸುತ್ತವೆ, ಏಕೆಂದರೆ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ನಾಲ್ಕೂ ಒಂದೇ. ದೋಜಿ ಎಂದರೆ ಕೊಳ್ಳುವವರೂ ಮಾರುವವರೂ ಸಮಬಲದಲ್ಲಿದ್ದಾರೆ, ಯಾವ ಕಡೆಗೂ ತೀರ್ಮಾನವಾಗಿಲ್ಲ ಎಂದು ಓದುವುದು ರೂಢಿ. ಲಾಕ್ ಆದ ದಿನ ಇದಕ್ಕೆ ತೀರಾ ವಿರುದ್ಧ: ಎಲ್ಲರೂ ಒಂದೇ ಕಡೆ ನಿಂತ ದಿನ ಅದು. ಸ್ಕ್ಯಾನರಿನಲ್ಲಿ ಏರಿಕೆಯ ಕೊನೆಯ ದೋಜಿ ಎಂದು ಹುಡುಕಿದರೆ ಇಂಥವೇ ಮೊದಲು ಬಂದು ಕೂರುತ್ತವೆ. ಸ್ಕ್ಯಾನರಿಗೆ `HIGH > LOW` ಎಂಬ ಒಂದೇ ಷರತ್ತು ಸೇರಿಸಿದರೆ ಇವೆಲ್ಲ ಹೊರಗೆ ಹೋಗುತ್ತವೆ.

ಈಗ ಆರ್‌ಎಸ್‌ಐಗೆ ಬರೋಣ. "ಸರ, ಆರ್‌ಎಸ್‌ಐ ಎಂಬತ್ತ ದಾಟೇತ್ರಿ, ಮಾರಿಬಿಡಬೇಕೇನ್ರಿ?" ಎಂಬ ಪ್ರಶ್ನೆ ನಮ್ಮ ಕಡೆಯ ಬ್ರೋಕರ್ ಆಫೀಸುಗಳಲ್ಲಿ ಇಂಥ ಹೊತ್ತಿನಲ್ಲೇ ಕೇಳುವುದು. ಲೆಕ್ಕ ಬಿಡಿಸಿ ನೋಡಿದರೆ ಈ ಎಂಬತ್ತು ಎಲ್ಲಿಂದ ಬಂತು ಎಂಬುದು ಸ್ಪಷ್ಟವಾಗುತ್ತದೆ. ವೈಲ್ಡರ್ ವಿಧಾನದ 14 ದಿನದ ಆರ್‌ಎಸ್‌ಐ ಸರಾಸರಿ ಏರಿಕೆ ಮತ್ತು ಸರಾಸರಿ ಇಳಿಕೆಯನ್ನು ಬೇರೆ ಬೇರೆ ಇಟ್ಟುಕೊಳ್ಳುತ್ತದೆ. ಪ್ರತಿದಿನ ಹಳೆಯ ಸರಾಸರಿಯನ್ನು 13ರಿಂದ ಗುಣಿಸಿ, ಇಂದಿನ ಏರಿಕೆಯನ್ನೋ ಇಳಿಕೆಯನ್ನೋ ಕೂಡಿಸಿ 14ರಿಂದ ಭಾಗಿಸುತ್ತದೆ. ಸರ್ಕ್ಯೂಟಿನ ಮುಂಚೆ ಎರಡೂ ಸರಾಸರಿ ಅರ್ಧ ರೂಪಾಯಿ ಇದ್ದವು, ಅಂದರೆ ಆರ್‌ಎಸ್‌ಐ 50. ಮೊದಲ ದಿನ 5 ರೂಪಾಯಿ ಏರಿದಾಗ ಸರಾಸರಿ ಏರಿಕೆ 0.82 ಆಯಿತು, ಇಳಿಕೆ 0.46ಕ್ಕೆ ಬಂತು, ಆರ್‌ಎಸ್‌ಐ 63.9. ಹೀಗೇ ಮುಂದುವರಿಸಿದರೆ ಎರಡನೇ ದಿನ 72.5, ಮೂರನೇ ದಿನ 78.4, ನಾಲ್ಕನೇ ದಿನ 82.6, ಐದನೇ ದಿನ 85.7.

ಇದೇ ಷೇರಿಗೆ ಬ್ಯಾಂಡ್ ಇಲ್ಲದೆ, ಒಂದೇ ಸುದ್ದಿಗೆ ಒಂದೇ ದಿನ 127.61ಕ್ಕೆ ನೆಗೆದು, ಉಳಿದ ನಾಲ್ಕು ದಿನ ಅಲ್ಲೇ ನಿಂತಿದ್ದರೆ ಏನಾಗುತ್ತಿತ್ತು ಎಂದೂ ಲೆಕ್ಕ ಹಾಕಬಹುದು. ಮೊದಲ ದಿನವೇ 84.0, ಮುಂದಿನ ನಾಲ್ಕು ದಿನವೂ 84.0. ಬೆಲೆ ಬದಲಾಗದ ದಿನ ಎರಡೂ ಸರಾಸರಿಗಳು ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಅನುಪಾತ ಹಾಗೇ ಉಳಿಯುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕೊನೆಯ ಅಂಕಿಗಳಲ್ಲ; 84 ಮತ್ತು 85.7ಕ್ಕೆ ದೊಡ್ಡ ಅಂತರವಿಲ್ಲ. ಕೆಟ್ಟುಹೋಗಿರುವುದು ಅಲ್ಲಿಗೆ ಬಂದ ದಾರಿ. ಒಂದೇ ನೆಗೆತವನ್ನು ಬ್ಯಾಂಡ್ ಐದು ತುಂಡು ಮಾಡಿ ಐದು ದಿನಕ್ಕೆ ಹಂಚಿತು. ಆರ್‌ಎಸ್‌ಐ ಅದನ್ನು ಐದು ದಿನ ಸತತ ನಡೆದ ಟ್ರೆಂಡ್ ಎಂದು ಓದಿತು. 70 ದಾಟಿದ್ದು ಎರಡನೇ ದಿನ, ಬೆಲೆ ಆಗಿನ್ನೂ ತಾನು ಹೋಗಬೇಕಾದ ದೂರದ ಮೂರರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಹೋಗಿತ್ತು. 'ಅತಿಯಾಗಿ ಕೊಂಡಿದ್ದಾರೆ' ಎಂದು ಆರ್‌ಎಸ್‌ಐ ಹೇಳಿದ ದಿನ, ಕೊಳ್ಳಬೇಕೆಂದವರಲ್ಲಿ ಹೆಚ್ಚಿನವರಿಗೆ ಒಂದು ಷೇರೂ ಸಿಕ್ಕಿರಲಿಲ್ಲ. ಟ್ರೆಂಡಿನ ಬಲ ಅಳೆಯುವ ಎಡಿಎಕ್ಸ್ ಕೂಡ ಇದೇ ಕಾರಣಕ್ಕೆ ಏರುತ್ತದೆ. ಸ್ಟೊಕ್ಯಾಸ್ಟಿಕ್ ಐದೂ ದಿನ 100ಕ್ಕೆ ಅಂಟಿಕೊಂಡಿರುತ್ತದೆ, ಅದನ್ನು ಓದುವ ಅಗತ್ಯವೇ ಇಲ್ಲ.

ದಿನದ ಸರಾಸರಿ ಏರಿಳಿತ ಅಳೆಯುವ ಎಟಿಆರ್‌ನಲ್ಲಿ ತಪ್ಪು ಇನ್ನೊಂದು ರೀತಿಯದು, ಮತ್ತು ಹಣ ಹೋಗುವುದು ಹೆಚ್ಚಾಗಿ ಇಲ್ಲಿಂದಲೇ. ಲಾಕ್ ಆದ ದಿನ ಗರಿಷ್ಠ ಕನಿಷ್ಠಗಳ ಅಂತರ ಸೊನ್ನೆ. ಎಟಿಆರ್ ಹಿಂದಿನ ಮುಕ್ತಾಯದಿಂದಲೂ ಅಳೆಯುವುದರಿಂದ ಆ ದಿನದ ಟ್ರೂ ರೇಂಜ್ 5 ರೂಪಾಯಿ ಎಂದು ಬರುತ್ತದೆ. ಬೆಲೆ ನಿಜವಾಗಿ 27 ರೂಪಾಯಿ ಹೋಗಬೇಕಿದ್ದರೂ ಎಟಿಆರ್‌ಗೆ ಕಾಣುವುದು ಬ್ಯಾಂಡ್ ಬಿಟ್ಟಷ್ಟೇ. ಮುಂಚೆ ಎಟಿಆರ್ 2 ರೂಪಾಯಿ ಇತ್ತೆಂದರೆ ಐದು ಸರ್ಕ್ಯೂಟಿನ ನಂತರ ಅದು 3.10. ಎರಡು ಎಟಿಆರ್ ದೂರದಲ್ಲಿ ಸ್ಟಾಪ್‌ಲಾಸ್ ಇಡುವವರು 127.61ರಿಂದ 6.20 ಕಳೆದು 121.41ಕ್ಕೆ ಇಡುತ್ತಾರೆ.

ಈ ಷೇರು ಮರುದಿನ ಲೋವರ್ ಸರ್ಕ್ಯೂಟಿನಲ್ಲಿ ತೆರೆದರೆ ಮಿತಿ 121.23. ಸ್ಟಾಪ್‌ಲಾಸಿಗಿಂತ ಬರೀ 18 ಪೈಸೆ ಕೆಳಗೆ, ಹಾಗಾಗಿ ನಷ್ಟ ಕೈಯೊಳಗೆ ಇದೆ ಎನಿಸುತ್ತದೆ. ಆದರೆ ಸ್ಟಾಪ್‌ಲಾಸ್ ಆರ್ಡರ್ ಎಚ್ಚರವಾಗಬೇಕಾದರೆ ಆ ಬೆಲೆಗೋ ಅದಕ್ಕಿಂತ ಕೆಳಗೋ ಒಂದಾದರೂ ವಹಿವಾಟು ನಡೆಯಬೇಕು. ನಡೆದು ಎಚ್ಚರವಾದರೂ ಅದು ಹೋಗಿ ನಿಲ್ಲುವುದು 121.23ಕ್ಕೆ ಮಾರಲು ಈಗಾಗಲೇ ನಿಂತವರ ಸಾಲಿನ ಕೊನೆಯಲ್ಲಿ. ಬೆಲೆ ಒಂದೇ ಆದಾಗ ಮೊದಲು ಬಂದ ಆರ್ಡರಿಗೆ ಮೊದಲ ಪಾಳಿ, ಇದು ಎಕ್ಸ್‌ಚೇಂಜಿನ ನಿಯಮ. ಕೊಳ್ಳುವವರಿಲ್ಲದಿದ್ದರೆ ಸಂಜೆ ಆರ್ಡರ್ ರದ್ದಾಗುತ್ತದೆ. ಮರುದಿನದ ಮಿತಿ 115.17, ಅದರ ಮರುದಿನ 109.42. ಅಲ್ಲಿ ಲಾಕ್ ಬಿಟ್ಟು ಮಾರಾಟವಾದರೆ 6.20 ಎಂದು ಲೆಕ್ಕ ಹಾಕಿದ ನಷ್ಟ 18 ರೂಪಾಯಿ ದಾಟಿರುತ್ತದೆ. ಹಾಗಾಗಿ ಇಂಥ ಷೇರಿನಲ್ಲಿ ನಷ್ಟದ ಲೆಕ್ಕಕ್ಕೆ ನಾವು ಎಟಿಆರ್ ಇಡುವುದಿಲ್ಲ. ಸಾಲಾಗಿ ಮೂರು ಲೋವರ್ ಸರ್ಕ್ಯೂಟ್ ಬಿದ್ದರೆ ಹೋಗುವ ಮೊತ್ತವನ್ನು, 5 ಪರ್ಸೆಂಟ್ ಬ್ಯಾಂಡಿನಲ್ಲಿ ಹತ್ತಿರ ಹತ್ತಿರ ಶೇಕಡಾ 14.3ನ್ನು, ಒಂದು ಷೇರಿನ ನಷ್ಟ ಎಂದು ಹಿಡಿದು, ಎಷ್ಟು ಷೇರು ಇಟ್ಟುಕೊಳ್ಳಬಹುದು ಎಂದು ತೀರ್ಮಾನಿಸುತ್ತೇವೆ. ಮೂರು ಎಂಬುದು ನಿಯಮವೇನಲ್ಲ. ಆ ಷೇರಿನ ಹಳೆಯ ಶೀಟಿನಲ್ಲಿ ಸಾಲಾಗಿ ಐದು `DOWN` ಕಂಡಿದ್ದರೆ ಐದನ್ನೇ ಹಿಡಿಯಬೇಕು.

ಕೆಳಗೆ ಬರುವಾಗ ಸಪೋರ್ಟ್ ಸಿಗುತ್ತದೆ ಎಂಬ ನಂಬಿಕೆಯೂ ಇಲ್ಲಿ ನಡೆಯುವುದಿಲ್ಲ. ಸಪೋರ್ಟ್ ಎಂದರೆ ಆ ಬೆಲೆಗೆ ಹಿಂದೆ ಬಹಳ ಜನ ಕೊಂಡಿದ್ದಾರೆ, ಅಲ್ಲಿ ಮತ್ತೆ ಕೈ ಹಾಕುತ್ತಾರೆ ಎಂಬ ಅಂದಾಜು. 110, 115, 121ರಲ್ಲಿ ಏರುವಾಗ ಕೈ ಬದಲಾದದ್ದೇ ಕೆಲವು ನೂರು ಷೇರು. ಅಲ್ಲಿ ಕಾಯುವವರು ಯಾರೂ ಇಲ್ಲ. ಖಾಲಿ ಜಾಗ ನೋಡಿ ಗ್ಯಾಪ್ ತುಂಬುತ್ತದೆ ಎನ್ನುವುದೂ, 100ರಿಂದ 127ಕ್ಕೆ ಫಿಬೊನಾಚಿ ಗೆರೆ ಎಳೆಯುವುದೂ ಇದೇ ಕಾರಣಕ್ಕೆ ಆಧಾರವಿಲ್ಲದ ಕೆಲಸ.

ವಾಲ್ಯೂಮ್ ಓದುವ ರೂಢಿಯನ್ನಂತೂ ಇಲ್ಲಿ ಪೂರ್ತಿ ತಿರುಗಿಸಬೇಕಾಗುತ್ತದೆ. ಬೆಲೆ ಏರುತ್ತಿದ್ದು ವಾಲ್ಯೂಮ್ ಇಳಿಯುತ್ತಿದ್ದರೆ ಏರಿಕೆಗೆ ಬಲವಿಲ್ಲ ಎನ್ನುವುದು ಸಾಮಾನ್ಯ ಪಾಠ. ಅಪ್ಪರ್ ಸರ್ಕ್ಯೂಟಿನಲ್ಲಿ ವಾಲ್ಯೂಮ್ ಕಡಿಮೆಯಾಗುವುದು ಮಾರುವವರು ಕೈ ಬಿಗಿ ಹಿಡಿದಿದ್ದರಿಂದ. ನಮ್ಮ ಮಾದರಿಯ ಐದು ದಿನಗಳಲ್ಲಿ ಕ್ರಮವಾಗಿ 800, 300, 450, 200, 600 ಷೇರು. ಆರನೇ ದಿನ ಲಾಕ್ ಬಿಟ್ಟಿತು: 131ಕ್ಕೆ ತೆರೆದು, 133.99ರ ಮಿತಿ ಮುಟ್ಟಿ, 122ಕ್ಕೆ ಇಳಿದು, 124ಕ್ಕೆ ಮುಗಿಯಿತು. ಅಂದಿನ ವಾಲ್ಯೂಮ್ 48,000. ಏರಿದ ದಿನದ ವಾಲ್ಯೂಮನ್ನು ಕೂಡಿಸಿ ಇಳಿದ ದಿನದ್ದನ್ನು ಕಳೆಯುವ ಸೂಚಕವಾದ ಓಬಿವಿ ಐದು ದಿನದಲ್ಲಿ ಕೂಡಿಸಿಕೊಂಡದ್ದು 2,350, ಒಂದೇ ದಿನದಲ್ಲಿ ಕಳೆದುಕೊಂಡದ್ದು 48,000. ಆ ದಿನ 127.60ಕ್ಕೆ ಮುಗಿದಿದ್ದರೂ ಇದೇ 48,000 ಕಳೆಯುತ್ತಿತ್ತು, 127.65ಕ್ಕೆ ಮುಗಿದಿದ್ದರೆ ಕೂಡುತ್ತಿತ್ತು. ಐದು ಪೈಸೆಯ ಮೇಲೆ ನಿಂತ ಸೂಚಕವನ್ನು ಏನೆಂದು ನಂಬುವುದು? ಆರನೇ ದಿನದ ಬಗ್ಗೆ ನಾವು ಹೇಳಬಲ್ಲದ್ದು ಇಷ್ಟು: ಕೊಳ್ಳುವವರೂ ಮಾರುವವರೂ ಎದುರುಬದುರಾದ ಮೊದಲ ದಿನ ಅದು, ಹಾಗಾಗಿ ಆರು ದಿನಗಳಲ್ಲಿ ಬೆಲೆ ಎಂದು ಕರೆಯಬಹುದಾದದ್ದು ಅಂದಿನದೇ.

ಡೆಲಿವರಿ ಪರ್ಸೆಂಟೇಜ್ ನೋಡಿ ಭರವಸೆ ಪಡುವವರು `SERIES` ಕಾಲಮ್ ನೋಡಬೇಕು. ಅಲ್ಲಿ `BE` ಎಂದಿದ್ದರೆ ಅದು ಟ್ರೇಡ್ ಟು ಟ್ರೇಡ್. ಅದೇ ದಿನ ಕೊಂಡು ಮಾರಿ ಚುಕ್ತಾ ಮಾಡಲು ಅವಕಾಶವೇ ಇಲ್ಲ, ಪ್ರತಿ ವಹಿವಾಟೂ ಕಡ್ಡಾಯ ಡೆಲಿವರಿ. ನೂರಕ್ಕೆ ನೂರು ಡೆಲಿವರಿ ಎಂಬುದು ಅಲ್ಲಿ ನಿಯಮದ ಫಲ, ದೊಡ್ಡವರು ಕೊಳ್ಳುತ್ತಿದ್ದಾರೆ ಎಂಬುದರ ಗುರುತಲ್ಲ.

ಇನ್ನು ಪ್ಯಾಟರ್ನ್‌ಗಳ ನಂಬಿಕೆಯ ಪ್ರಶ್ನೆ. ಹಳೆಯ ಡೇಟಾದ ಮೇಲೆ ಬ್ರೇಕ್‌ಔಟ್ ಪರೀಕ್ಷಿಸಿದವರಿಗೆ ಸಣ್ಣ ಷೇರುಗಳಲ್ಲೇ ಅತ್ಯುತ್ತಮ ಫಲಿತಾಂಶ ಕಾಣುತ್ತದೆ, ಕಾರಣ ಇದು. ಹತ್ತು ಸಿಗ್ನಲ್ ಬಂದವು ಎಂದುಕೊಳ್ಳಿ. ನಾಲ್ಕು ಷೇರು ಮರುದಿನ ಬೆಳಿಗ್ಗೆಯೇ ಅಪ್ಪರ್ ಸರ್ಕ್ಯೂಟಿನಲ್ಲಿ ಲಾಕ್ ಆಗಿ ಕೊನೆಗೆ ತಲಾ 15 ಪರ್ಸೆಂಟ್ ಏರಿದವು. ಉಳಿದ ಆರು ಸಲೀಸಾಗಿ ತೆರೆದು ತಲಾ 4 ಪರ್ಸೆಂಟ್ ಇಳಿದವು. ಕಾಗದದ ಮೇಲೆ ಸರಾಸರಿ ಶೇಕಡಾ 3.6 ಲಾಭ. ಕೈಗೆ ಬರುವುದು ಶೇಕಡಾ 4 ನಷ್ಟ, ಏಕೆಂದರೆ ಆ ನಾಲ್ಕರಲ್ಲಿ ನಮ್ಮ ಆರ್ಡರ್ ಸಾಲಿನಲ್ಲೇ ಉಳಿಯಿತು, ಇಳಿದ ಆರು ಮಾತ್ರ ಧಾರಾಳವಾಗಿ ಸಿಕ್ಕವು. ಒಳ್ಳೆಯವು ಸಿಗದಂತೆ, ಕೆಟ್ಟವು ತಪ್ಪದೆ ಸಿಗುವಂತೆ ಮಾಡುವುದು ಬ್ಯಾಂಡೇ. ಪರೀಕ್ಷೆಯ ಶೀಟಿನಲ್ಲಿ `UP` ಇರುವ ದಿನ ಕೊಂಡೆ ಎಂದೂ, `DOWN` ಇರುವ ದಿನ ಮಾರಿದೆ ಎಂದೂ ಬರೆಯಲು ಬಿಡಬಾರದು. ಲಾಕ್ ಬಿಟ್ಟ ಮೊದಲ ದಿನದ ಸರಾಸರಿ ಬೆಲೆಯನ್ನು, ಭಾವ್‌ಕಾಪಿಯ `AVG_PRICE` ಕಾಲಮಿನಿಂದ, ಹಾಕಬೇಕು. ಇದೊಂದು ತಿದ್ದುಪಡಿಗೆ ಹೊಳೆಯುವ ಎಷ್ಟೋ ಪದ್ಧತಿಗಳು ಸಪ್ಪಗಾಗುತ್ತವೆ.

ಬೇಗ ಕಣ್ಣಿಗೆ ಬೀಳದ ಇನ್ನೊಂದು ವಿಷಯ ಬ್ಯಾಂಡೇ ಬದಲಾಗುವುದು. ಷೇರು ಅತಿಯಾಗಿ ಏರಿದಾಗ ನಿಗಾ ಕ್ರಮವಾಗಿ ಎಕ್ಸ್‌ಚೇಂಜ್ ಬ್ಯಾಂಡನ್ನು 20ರಿಂದ 10ಕ್ಕೆ, 5ಕ್ಕೆ, 2ಕ್ಕೂ ಇಳಿಸುತ್ತದೆ. ಹಾಗೆ ಇಳಿಸಿದ ಮೇಲೆ ದಿನದ ಏರಿಳಿತ ಸಹಜವಾಗಿ ಕಿರಿದಾಗುತ್ತದೆ, ಎಟಿಆರ್ ಇಳಿಯುತ್ತದೆ, ಬೋಲಿಂಜರ್ ಗೆರೆಗಳು ಕೂಡಿಕೊಳ್ಳುತ್ತವೆ. ಏರಿಳಿತ ಕುಗ್ಗುತ್ತಾ ಬಂದು ಬ್ರೇಕ್‌ಔಟಿಗೆ ಸಿದ್ಧವಾಗುವ ಪ್ಯಾಟರ್ನ್ ಹುಡುಕುವವರಿಗೆ ಇದು ಹೇಳಿ ಮಾಡಿಸಿದಂತೆ ಕಾಣುತ್ತದೆ. ಕುಗ್ಗಿದ್ದು ಏರಿಳಿತವಲ್ಲ, ಅನುಮತಿ. ಅದಕ್ಕೇ ಶೀಟಿನಲ್ಲಿ ಬ್ಯಾಂಡಿಗೆ ಪ್ರತ್ಯೇಕ ಕಾಲಮ್ ಇಟ್ಟು, ಬದಲಾದ ದಿನದಿಂದ ಸೂತ್ರದ 1.05 ಮತ್ತು 0.95ನ್ನೂ ಬದಲಿಸಬೇಕು. ಬ್ಯಾಂಡ್ ಬದಲಾದ ದಿನದ ಆಚೆ ಈಚೆಯ ಎಟಿಆರ್‌ಗಳನ್ನು ನಾವು ಹೋಲಿಸುವುದಿಲ್ಲ.

ಇಷ್ಟೆಲ್ಲ ಗುರುತು ಮಾಡಿದ ಮೇಲೆ ಚಾರ್ಟನ್ನು ಮತ್ತೆ ಕಟ್ಟುವ ಕೆಲಸ. ಲಾಕ್ ಆದ ದಿನಗಳ ಸಾಲನ್ನೂ ಲಾಕ್ ಬಿಟ್ಟ ಮೊದಲ ದಿನವನ್ನೂ ಸೇರಿಸಿ ಒಂದೇ ಬಾರ್ ಮಾಡುತ್ತೇವೆ. ಮೊದಲ ಲಾಕ್ ದಿನದ ಆರಂಭ, ಇಡೀ ಅವಧಿಯ ಗರಿಷ್ಠ ಮತ್ತು ಕನಿಷ್ಠ, ಲಾಕ್ ಬಿಟ್ಟ ದಿನದ ಮುಕ್ತಾಯ, ಎಲ್ಲ ದಿನಗಳ ವಾಲ್ಯೂಮಿನ ಮೊತ್ತ. ನಮ್ಮ ಮಾದರಿಯಲ್ಲಿ ಆರು ದಿನಗಳು ಹೀಗೆ ಒಂದು ಬಾರ್ ಆದವು: ಆರಂಭ 105, ಗರಿಷ್ಠ 133.99, ಕನಿಷ್ಠ 105, ಮುಕ್ತಾಯ 124, ವಾಲ್ಯೂಮ್ 50,350. ಸೇರಿಸದ ಚಾರ್ಟಿನಲ್ಲಿ ಆರ್‌ಎಸ್‌ಐ ಐದನೇ ದಿನದ 85.7ರಿಂದ ಆರನೇ ದಿನ 76.8ಕ್ಕೆ ಇಳಿದು, ಮೇಲಿನಿಂದ ತಿರುಗಿದೆ, ಮಾರು ಎಂದು ಹೇಳುತ್ತಿತ್ತು. ಸೇರಿಸಿದ ಚಾರ್ಟಿನಲ್ಲಿ ಅದು 50ರಿಂದ ನೇರ 82.4ಕ್ಕೆ ಬಂದಿದೆ, ತಿರುಗುವ ಮಾತೇ ಇಲ್ಲ, ಏಕೆಂದರೆ ತಿರುಗಲು ಬೇಕಾದ ಎರಡನೇ ಬಾರ್ ಇನ್ನೂ ಹುಟ್ಟಿಲ್ಲ.

ಸೇರಿಸಿದ ಕೂಡಲೇ ಆರ್‌ಎಸ್‌ಐ ನಂಬಲು ಯೋಗ್ಯವಾಗುತ್ತದೆ ಎಂದೇನಿಲ್ಲ. 14 ದಿನದ ಆರ್‌ಎಸ್‌ಐ ಆದ್ದರಿಂದ 14 ಬಾರ್ ಕಳೆದರೆ ಹಳೆಯದು ಹೊರಗೆ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ವೈಲ್ಡರ್ ಸರಾಸರಿಯಲ್ಲಿ ಯಾವುದೂ ಪೂರ್ತಿ ಹೊರಗೆ ಹೋಗುವುದಿಲ್ಲ, ದಿನಕ್ಕೆ ಹದಿನಾಲ್ಕನೇ ಒಂದು ಭಾಗದಂತೆ ಸವೆಯುತ್ತದೆ. 14 ಬಾರ್ ಆದ ಮೇಲೂ ಆ ದೊಡ್ಡ ನೆಗೆತದ ತೂಕ ಶೇಕಡಾ 35ರಷ್ಟು ಉಳಿದಿರುತ್ತದೆ, 30 ಬಾರ್ ಆದಾಗ ಶೇಕಡಾ 11. ನಾವು 30 ಮುಕ್ತ ಬಾರ್ ಆಗುವವರೆಗೆ ಆ ಷೇರಿನ ಆರ್‌ಎಸ್‌ಐ, ಎಟಿಆರ್ ಎರಡನ್ನೂ ನೋಡುವುದಿಲ್ಲ. ಬೋಲಿಂಜರ್ ಬ್ಯಾಂಡ್ ಸಾದಾ ಸರಾಸರಿಯಾದ್ದರಿಂದ ಅದರ ಕಥೆ ಬೇರೆ. ಅಲ್ಲಿ ನೆಗೆತದ ಹಿಂದಿನ ಬೆಲೆಗಳು ಬಾರ್‌ಗೆ ಒಂದರಂತೆ ಹೊರಬೀಳುತ್ತಾ, 20 ಬಾರ್ ಆದಾಗ ಕೊನೆಯದೂ ಹೋಗಿ ಗೆರೆಗಳು ದಿಢೀರನೆ ಕೂಡಿಕೊಳ್ಳುತ್ತವೆ. ಷೇರಿನಲ್ಲಿ ಅಂದು ಏನೂ ಆಗಿರುವುದಿಲ್ಲ.

ಆ 30 ಬಾರ್‌ಗಳಲ್ಲಿ ಮತ್ತೆ ಲಾಕ್ ದಿನಗಳೂ ಖಾಲಿ ದಿನಗಳೂ ಬರುತ್ತಲೇ ಇದ್ದರೆ, ಅಂಥ ಷೇರಿಗೆ ದಿನದ ಚಾರ್ಟೇ ಒಗ್ಗುವುದಿಲ್ಲ. ವಾರದ ಬಾರ್‌ಗೆ ಹೋಗಬೇಕು. ವಾರದಲ್ಲೂ ಐದರಲ್ಲಿ ಮೂರು ದಿನ ಲಾಕ್ ಅಥವಾ ಖಾಲಿ ಇದ್ದರೆ ಸೂಚಕಗಳನ್ನು ಪಕ್ಕಕ್ಕಿಟ್ಟು ಆರ್ಡರ್ ಪುಸ್ತಕ ನೋಡುವುದೇ ಸರಿ.

ಲಾಕ್ ನಡೆಯುತ್ತಿರುವಾಗ ಸೂಚಕಗಳಿಗಿಂತ ಹೆಚ್ಚು ಹೇಳುವುದು ಆ ಪುಸ್ತಕವೇ. ಎನ್‌ಎಸ್‌ಇ ಜಾಲತಾಣದ ಷೇರಿನ ಪುಟದಲ್ಲಿ ಕೊಳ್ಳಲು ನಿಂತ ಒಟ್ಟು ಪ್ರಮಾಣ ಕಾಣುತ್ತದೆ. ಅದನ್ನು ಬೆಳಿಗ್ಗೆ 9:20ಕ್ಕೆ, ಮಧ್ಯಾಹ್ನ 12ಕ್ಕೆ, 3:15ಕ್ಕೆ, ಪ್ರತಿ ಸಲವೂ ಆವರೆಗಿನ ವಾಲ್ಯೂಮಿನ ಜೊತೆ ಬರೆದಿಡುತ್ತೇವೆ. ಸಾಲು 90,000 ಇದ್ದು ವಾಲ್ಯೂಮ್ 300 ಇದ್ದರೆ ಲಾಕ್ ಗಟ್ಟಿ. ಸಾಲು 90,000ದಿಂದ 40,000ಕ್ಕೆ ಇಳಿದು, ವಾಲ್ಯೂಮ್ 300ರಲ್ಲೇ ನಿಂತಿದ್ದರೆ ಯಾರೋ ಆರ್ಡರ್ ಹಿಂದಕ್ಕೆ ತೆಗೆದಿದ್ದಾರೆ. ಆ ಸಾಲಿನಲ್ಲಿ ತೋರಿಕೆಗೆ ನಿಂತವರೂ ಇದ್ದರು ಎಂದು ತಿಳಿಯಬೇಕು. ಸಾಲು ಇಳಿದಷ್ಟೇ ವಾಲ್ಯೂಮ್ ಏರಿದ್ದರೆ ನಿಜವಾದ ಮಾರಾಟ ಬಂದಿದೆ, ಲಾಕ್ ಅಂದೇ ಅಥವಾ ಮರುದಿನ ಬಿಡುವ ಸಾಧ್ಯತೆ ಹೆಚ್ಚು. ಷೇರು ಕೈಯಲ್ಲಿದ್ದು ಮಾರಬೇಕೆಂದಿರುವವರು ಇದನ್ನು ಕಂಡ ಹೊತ್ತಿನಲ್ಲೇ, ಅಪ್ಪರ್ ಸರ್ಕ್ಯೂಟಿನ ಬೆಲೆಗೆ ಇನ್ನೂ ಕೊಳ್ಳುವವರು ಸಾಲಿನಲ್ಲಿರುವಾಗಲೇ, ಮಾರಿಬಿಡಬೇಕು. ಆರ್‌ಎಸ್‌ಐ 70ಕ್ಕಿಂತ ಕೆಳಗೆ ಬರಲಿ ಎಂದು ಕಾಯ್ದರೆ ಅಷ್ಟರಲ್ಲಿ ಸಾಲು ಮಾರುವವರ ಕಡೆಗೆ ತಿರುಗಿರುತ್ತದೆ.